ತಂಬಾಕನ್ನು ಒಂದೊಂದೇ ಮನೆ ಬಿಡಲು ಆಗುವುದಿಲ್ಲ, ಊರಿನ ಒಂದು ಭಾಗ ಒಟ್ಟಿಗೆ ಬಿಡಲು ದಾರಿ ಮಾಡಿಕೊಡಿ

ಹಾಸನದ ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಹಾಗೂ ಕೃಷಿ, ತೋಟಗಾರಿಕೆ ಮತ್ತು ರೇಷ್ಮೆ ಇಲಾಖೆಗಳ ಜಿಲ್ಲಾ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಅರಕಲಗೂಡು ತಾಲ್ಲೂಕಿನ ಒಬ್ಬ ತಂಬಾಕು ಬೆಳೆಗಾರ್ತಿ. ಮದುವೆಯಾಗಿ ಈ ಊರಿಗೆ ಬಂದು 22 ವರ್ಷವಾಯಿತು. ಬಂದ ವರ್ಷದಿಂದಲೇ ಸೊಪ್ಪು ಮುರಿದಿದ್ದೇನೆ, ಕಡ್ಡಿಗೆ ಕಟ್ಟಿದ್ದೇನೆ, ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕೂತು ಬೆಂಕಿ ಕಾದಿದ್ದೇನೆ. ನಮಗೆ ಇರುವುದು ನಾಲ್ಕು ಎಕರೆ. ಅದರಲ್ಲಿ ಎರಡೂವರೆ ಎಕರೆಗೆ ತಂಬಾಕು ಹಾಕುತ್ತೇವೆ. ಒಂದು ಬ್ಯಾರನ್ ಇದೆ, ಒಂದು ಕೊಳವೆಬಾವಿ ಇದೆ. ಬೇಯಿಸಿದ ಸೊಪ್ಪು ರಾಮನಾಥಪುರದ ಹರಾಜಿಗೆ ಹೋಗುತ್ತದೆ.

ನಾವು ತಂಬಾಕು ಬಿಡಬೇಕು ಅಂದುಕೊಂಡಿದ್ದೇವೆ. ನಾವೊಬ್ಬರೇ ಅಲ್ಲ. ನಮ್ಮ ಊರಿನಲ್ಲಿ ತಂಬಾಕು ಬೆಳೆಯಲು ತಂಬಾಕು ಮಂಡಳಿ ಕೊಡುವ ಕಾರ್ಡ್ ಇರುವ 31 ಮನೆಗಳಿವೆ. ಅದರಲ್ಲಿ 17 ಮನೆಯವರು ಹೀಗೆಯೇ ಯೋಚಿಸುತ್ತಿದ್ದಾರೆ. ಎರಡು ವರ್ಷದಿಂದ ಲೆಕ್ಕ ಹಾಕಿದ್ದೇವೆ, ಸಣ್ಣದಾಗಿ ಪ್ರಯತ್ನ ಮಾಡಿದ್ದೇವೆ, ಕೈ ಸುಟ್ಟುಕೊಂಡಿದ್ದೇವೆ. ಎಲ್ಲಿ ಎಡವಿದೆವು, ನಿಮ್ಮಿಂದ ಏನು ಆಗಬೇಕು ಎಂಬುದನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಕಳೆದ ಸಲ ಎರಡೂವರೆ ಎಕರೆಯಿಂದ 1,400 ಕೆಜಿ ಬೇಯಿಸಿದ ಸೊಪ್ಪು ಬಂತು. ಒಳ್ಳೆ ಬೇಲು, ಕಪ್ಪು ಬೇಲು ಎಲ್ಲಾ ಸೇರಿಸಿ ಸರಾಸರಿ ಕೆಜಿಗೆ 225 ರೂಪಾಯಿ ಸಿಕ್ಕಿತು. ಅಂದರೆ 3,15,000 ರೂಪಾಯಿ. ಇದನ್ನು ಕೇಳಿದವರು ತಂಬಾಕಿನವರಿಗೇನು ಕಡಿಮೆ ಅನ್ನುತ್ತಾರೆ. ಖರ್ಚು ನೋಡಿ. ಸಸಿಮಡಿ, ಉಳುಮೆಗೆ 24,000. ಗೊಬ್ಬರ, ಔಷಧಿಗೆ 34,000. ಒಂದು ಕೆಜಿ ಸೊಪ್ಪು ಬೇಯಿಸಲು ಸುಮಾರು ಐದು ಕೆಜಿ ಸೌದೆ ಬೇಕು, ಹಾಗಾಗಿ ಏಳು ಟನ್ ಸೌದೆಗೆ 32,000. ಕೂಲಿಗೆ 1,10,000. ಒಟ್ಟು ಎರಡು ಲಕ್ಷ. ಕೈಯಲ್ಲಿ ಉಳಿದದ್ದು 1,15,000.

ಇದರಲ್ಲಿ ನಮ್ಮ ಮನೆಯವರ ಕೂಲಿ ಸೇರಿಲ್ಲ. ಒಂದು ಸಲ ಬ್ಯಾರನ್ ತುಂಬಿದರೆ ಆರು ರಾತ್ರಿ ನಿದ್ದೆ ಇಲ್ಲ. ಮೊದಲ ಎರಡು ದಿನ ಶಾಖ 95ರಿಂದ 105 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಇರಬೇಕು, ಆಗ ಎಲೆ ಹಳದಿ ತಿರುಗುತ್ತದೆ. ಆಮೇಲೆ ನಿಧಾನಕ್ಕೆ ಏರಿಸುತ್ತಾ ಕೊನೆಗೆ 160ರ ಹತ್ತಿರ ನರ ಒಣಗಿಸಬೇಕು. ಅವಸರ ಮಾಡಿ ಬೇಗ ಏರಿಸಿದರೆ ಎಲೆಯಲ್ಲಿ ಹಸಿರು ನಿಂತುಬಿಡುತ್ತದೆ. ತಡ ಮಾಡಿದರೆ ಕಂದು ಆಗುತ್ತದೆ. ಎರಡಕ್ಕೂ ಹರಾಜಿನಲ್ಲಿ ಬೆಲೆ ಬೀಳುತ್ತದೆ, ಇಲ್ಲವೇ ಯಾರೂ ಕೂಗದೆ ನೋ ಬಿಡ್ ಆಗಿ ಬೇಲು ವಾಪಸ್ ಬರುತ್ತದೆ. ನರ ಒಣಗುವ ಹೊತ್ತಿನಲ್ಲಿ ಒಂದು ಎಲೆ ಜಾರಿ ಕಾದ ಕೊಳವೆ ಮೇಲೆ ಬಿದ್ದರೆ ಇಡೀ ಬ್ಯಾರನ್ ಹತ್ತಿಕೊಳ್ಳುತ್ತದೆ. ನಾವು ವರ್ಷಕ್ಕೆ ಆರು ಸಲ ತುಂಬುತ್ತೇವೆ. ಅಂದರೆ 36 ರಾತ್ರಿ. ಬೆಳಗ್ಗೆ ಇಬ್ಬನಿ ಇರುವಾಗ ಸೊಪ್ಪು ಮುರಿದರೆ ಅದರ ನೀರು ಚರ್ಮಕ್ಕೆ ಇಳಿದು ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ನಮ್ಮ ಮಗಳು 14ನೇ ವಯಸ್ಸಿನಲ್ಲಿ ಹಾಗೆ ಹೊಲದಲ್ಲೇ ಕುಸಿದಳು. ಬಿಡಬೇಕು ಎಂದು ನಮ್ಮ ಮನೆಯಲ್ಲಿ ಮೊದಲು ಮಾತು ಬಂದದ್ದು ಅವತ್ತು.

ಇದು ಒಳ್ಳೆ ವರ್ಷದ ಮಾತು. ಮಳೆ ಜಾಸ್ತಿಯಾಗಿ ಹೊಲದಲ್ಲಿ ನೀರು ನಿಂತ ಇನ್ನೊಂದು ವರ್ಷ 900 ಕೆಜಿ ಮಾತ್ರ ಬಂತು, ಸರಾಸರಿ 165 ರೂಪಾಯಿ ಸಿಕ್ಕಿತು. ಬಂದದ್ದು 1,48,500. ಖರ್ಚಾಗಿದ್ದು 1,75,000. ಆ ವರ್ಷ ನನ್ನ ಬಳೆ ಅಡವಿಗೆ ಹೋಯಿತು.

ಹಾಗಾದರೆ ರಾಗಿ ಬೆಳೆಯಿರಿ ಎಂದು ಹೇಳುವುದು ಸುಲಭ. ಅದರ ಲೆಕ್ಕವನ್ನೂ ಹಾಕಿದೆವು. ನಮ್ಮ ಕೆಂಪು ಮಣ್ಣಿನಲ್ಲಿ ಮಳೆ ನಂಬಿದ ರಾಗಿ ಎಕರೆಗೆ ಹತ್ತು ಕ್ವಿಂಟಾಲ್ ಬರುತ್ತದೆ. 2025-26ರ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ. ಎರಡೂವರೆ ಎಕರೆಗೆ 1,22,000 ಆಗುತ್ತದೆ, ಖರ್ಚು 55,000 ಹೋದರೆ 67,000 ಉಳಿಯುತ್ತದೆ. ತಂಬಾಕಿಗಿಂತ 48,000 ಕಡಿಮೆ. ಆದರೆ ಮಳೆ ಕೈಕೊಟ್ಟು ಅರ್ಧ ಬೆಳೆ ಬಂದರೂ ಹಾಕಿದ ದುಡ್ಡು ವಾಪಸ್ ಬರುತ್ತದೆ, ಸಾಲ ಉಳಿಯುವುದಿಲ್ಲ, ಹಸುಗಳಿಗೆ ಹುಲ್ಲೂ ಆಗುತ್ತದೆ. ಎರಡು ಲಕ್ಷ ಮಣ್ಣಿಗೆ ಹಾಕಿ ಕಾಯುವುದಕ್ಕೂ 55,000 ಹಾಕಿ ಕಾಯುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಇಲ್ಲಿ ಒಂದು ವಿಷಯವನ್ನು ಅಧಿಕಾರಿಗಳು ಎಷ್ಟೋ ಸಲ ಗಮನಿಸುವುದಿಲ್ಲ. ನಮ್ಮಲ್ಲಿ ತಂಬಾಕು ಮುಂಗಾರಿನ ಬೆಳೆ. ಮೇ ತಿಂಗಳಲ್ಲಿ ನೆಟ್ಟು ಆಗಸ್ಟ್, ಸೆಪ್ಟೆಂಬರ್‌ಗೆ ಮುಗಿಸುತ್ತೇವೆ. ಅದೇ ಹೊಲದಲ್ಲಿ ಹಿಂದೆಯೇ ಹುರುಳಿಯೋ ಅವರೆಯೋ ತಡವಾದ ರಾಗಿಯೋ ಹಾಕುತ್ತೇವೆ. ಹಾಗಾಗಿ ತಂಬಾಕು ಬಿಟ್ಟು ಬರೀ ರಾಗಿ ಅಂದರೆ ಏಪ್ರಿಲ್, ಮೇ ತಿಂಗಳ ಮಳೆ ಸುಮ್ನೆ ಹೋಗುತ್ತದೆ. ಆ ಮಳೆಗೆ ಅಲಸಂದೆ ಅಥವಾ ಎಳ್ಳು ಬಿತ್ತಿ, ಜುಲೈನಲ್ಲಿ ಕಿತ್ತು, ಆಗಸ್ಟ್‌ನಲ್ಲಿ ರಾಗಿ ಹಾಕಿದರೆ ಜೋಡಿ ಬೆಳೆ ಆಗುತ್ತದೆ. ಕಳೆದ ವರ್ಷ ಒಂದು ಎಕರೆಯಲ್ಲಿ ಮಾಡಿ ನೋಡಿದೆವು. ಅಲಸಂದೆಯಿಂದ ಖರ್ಚು ಕಳೆದು 4,000 ಉಳಿಯಿತು. ದೊಡ್ಡ ದುಡ್ಡಲ್ಲ. ಆದರೆ ಆ ಎಕರೆಯ ರಾಗಿ ಪಕ್ಕದ ಹೊಲಕ್ಕಿಂತ ಚೆನ್ನಾಗಿ ಬಂತು.

ಈಗ ನಾವು ಎಡವಿದ ಜಾಗಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಒಂದು ಸಭೆಯಲ್ಲಿ ತಂಬಾಕಿನ ಬದಲು ತರಕಾರಿ ಬೆಳೆಯಿರಿ, ಮೆಣಸಿನಕಾಯಿ, ಟೊಮೆಟೊ ಹಾಕಿ ಎಂದು ಹೇಳಿದರು. ಯಾರ ಮೇಲೂ ದೂರು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಾವು ನಂಬಿ ಅರ್ಧ ಎಕರೆ ತಂಬಾಕಿನ ಹೊಲಕ್ಕೆ ಹಸಿಮೆಣಸಿನ ಸಸಿ ನೆಟ್ಟೆವು. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಗಿಡ ಕುಳ್ಳಾಯಿತು, ಹಳದಿಯಾಯಿತು. ಮಣ್ಣಿನಲ್ಲಿ ತೇವ ಇದ್ದರೂ ಮಧ್ಯಾಹ್ನಕ್ಕೆ ಬಾಡುತ್ತಿತ್ತು, ಸಂಜೆಗೆ ಮತ್ತೆ ಏಳುತ್ತಿತ್ತು. ನೀರು ಸಾಲದು ಅಂದುಕೊಂಡು ನೀರು ಬಿಟ್ಟೆವು, ಗೊಬ್ಬರ ಸಾಲದು ಅಂದುಕೊಂಡು ಗೊಬ್ಬರ ಹಾಕಿದೆವು. ಕೊನೆಗೆ ನಮ್ಮ ಅತ್ತೆ ಒಂದು ಗಿಡ ಕಿತ್ತು ತೋರಿಸಿದರು. ಬೇರಿನ ತುಂಬಾ ಮಣಿ ಪೋಣಿಸಿದ ಹಾಗೆ ಗಂಟು.

ಅದು ಗಂಟುಬೇರು ರೋಗ. ಬರಿ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು ಬೇರಿನೊಳಗೆ ಸೇರಿ ಮಾಡುವ ಕೆಲಸ. ತಂಬಾಕು ಅದಕ್ಕೆ ಹಬ್ಬದ ಊಟ. ವರ್ಷ ವರ್ಷ ತಂಬಾಕು ಹಾಕಿದ ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಅದು ತುಂಬಿಕೊಂಡಿದೆ. ಮೆಣಸಿನಕಾಯಿ, ಟೊಮೆಟೊ, ಬದನೆ ಎಲ್ಲವೂ ತಂಬಾಕಿನ ಕುಲದವೇ. ತಂಬಾಕಿಗೆ ಬರುವ ರೋಗ ಇವಕ್ಕೂ ಬರುತ್ತದೆ. ತಂಬಾಕು ತೆಗೆದ ಹೊಲಕ್ಕೆ ನೇರವಾಗಿ ಇವನ್ನು ಹಾಕಿದರೆ ಹುಳುವಿಗೆ ಊಟ ಮುಂದುವರಿಸಿದ ಹಾಗೆ. ರಾಗಿ ಮಾತ್ರ ಅದಕ್ಕೆ ಹಿಡಿಸುವುದಿಲ್ಲ, ಅದಕ್ಕೇ ತಂಬಾಕಿನ ನಂತರ ರಾಗಿ ಬೆಳೆ ತಿರುಗಿಸಿ ಎಂದು ಹೇಳುತ್ತಾರೆ. ಅಲಸಂದೆಗೂ ಈ ಹುಳು ಹತ್ತುತ್ತದೆ. ಹಾಗಾಗಿ ಬೇರಿನಲ್ಲಿ ಗಂಟು ಕಂಡ ಹೊಲಕ್ಕೆ ಮುಂಗಾರಿನಲ್ಲಿ ಎಳ್ಳೇ ವಾಸಿ. ಕೊನೆ ಸೊಪ್ಪು ಮುರಿದ ಮೇಲೆ ಕಡ್ಡಿಯನ್ನು ಹಾಗೇ ಬಿಡದೆ ಬೇರು ಸಮೇತ ಕಿತ್ತು, ಬೇಸಿಗೆಯಲ್ಲಿ ಎರಡು ಸಲ ಆಳವಾಗಿ ಉತ್ತು ಬಿಸಿಲಿಗೆ ಬಿಟ್ಟರೆ ಇನ್ನಷ್ಟು ಕಡಿಮೆಯಾಗುತ್ತದೆ. ನಮಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಮೆಣಸಿನಕಾಯಿಗೆ ಹಾಕಿದ 28,000 ರೂಪಾಯಿಯಲ್ಲಿ 19,000 ಕಳೆದುಕೊಳ್ಳುತ್ತಿರಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾದದ್ದು ಬೇರೆ. ಇದನ್ನು ನೋಡಿದ ನಾಲ್ಕು ಮನೆಯವರು ಬೇರೆ ಬೆಳೆ ನಮ್ಮ ಮಣ್ಣಿಗೆ ಆಗುವುದಿಲ್ಲ ಎಂದು ತೀರ್ಮಾನಿಸಿ ಮತ್ತೆ ತಂಬಾಕಿನ ಸಸಿಮಡಿ ಹಾಕಿದರು.

ಶುಂಠಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರಲ್ಲಿ ಅದರ ಬೆಲೆ ಆಕಾಶಕ್ಕೆ ಏರಿದ್ದನ್ನೂ, ಆಮೇಲೆ ಬಿದ್ದದ್ದನ್ನೂ ಹಾಸನದವರು ಎಲ್ಲರೂ ನೋಡಿದ್ದಾರೆ. ಎಕರೆಗೆ ಲಕ್ಷಗಟ್ಟಲೆ ಹಾಕಬೇಕು, ಕೊಳೆ ರೋಗ ಬಂದರೆ ವಾರದಲ್ಲಿ ಹೊಲ ಮುಗಿಯುತ್ತದೆ. ನಮ್ಮಂಥವರಿಗೆ ಅದು ತಂಬಾಕಿಗಿಂತ ದೊಡ್ಡ ಜೂಜು.

ನಮ್ಮ ಮನಸ್ಸು ಹೋಗಿರುವುದು ರೇಷ್ಮೆ ಕಡೆಗೆ. ನನ್ನ ತವರಿನಲ್ಲಿ ಅಣ್ಣ ಒಂದು ಎಕರೆ ಹಿಪ್ಪುನೇರಳೆ ಇಟ್ಟಿದ್ದಾನೆ, ಹನಿ ನೀರಾವರಿ ಮಾಡಿದ್ದಾನೆ. ಎರಡನೇ ಸಲ ಪೊರೆ ಬಿಟ್ಟ ಚಾಕಿ ಹುಳು, ಅಂದರೆ ಮರಿ ಹುಳು ತಂದು ಸಾಕುತ್ತಾನೆ. 18, 20 ದಿನಕ್ಕೆ ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹೋಗುತ್ತದೆ. ಕಳೆದ ಸಲದ ಒಂದು ಬೆಳೆಯ ಲೆಕ್ಕ ಕೊಟ್ಟ. 150 ಚಿಟ್ಟೆಗಳ ಮೊಟ್ಟೆಗೆ 95 ಕೆಜಿ ಗೂಡು, ರಾಮನಗರದಲ್ಲಿ ಕೆಜಿಗೆ 480 ರೂಪಾಯಿ, ಒಟ್ಟು 45,600. ಖರ್ಚು 20,000 ಹೋಗಿ 25,600 ಉಳಿಯಿತು. ವರ್ಷಕ್ಕೆ ನಾಲ್ಕು ಬೆಳೆ ಸರಿಯಾಗಿ ಬಂದರೆ ಒಂದು ಎಕರೆಯಿಂದ ಒಂದು ಲಕ್ಷ. ನಮ್ಮ ಎರಡೂವರೆ ಎಕರೆ ತಂಬಾಕು ಕೊಡುವುದಕ್ಕೆ ಇದು ಹತ್ತಿರ ಬರುತ್ತದೆ. ಉಳಿದ ಒಂದೂವರೆ ಎಕರೆ ರಾಗಿಗೆ ಮಿಗುತ್ತದೆ.

ಆದರೆ ಮೂರು ವರ್ಷದ ಹಿಂದೆ ಅಣ್ಣನ ಒಂದು ಬೆಳೆ ಹಾಳಾಗಲು ನಾನೇ ಕಾರಣಳಾದೆ. ಜುಲೈ ತಿಂಗಳು, ನಮ್ಮಲ್ಲಿ ಸೊಪ್ಪು ಮುರಿಯುವ ಕಾಲ. ಅತ್ತಿಗೆಗೆ ಹುಷಾರಿಲ್ಲ ಎಂದು ಫೋನ್ ಬಂತು. ನಾನು ಹೊಲದಿಂದ ಬಂದು, ಕೈ ತೊಳೆದು, ಅದೇ ಸೀರೆಯಲ್ಲಿ ಬಸ್ ಹತ್ತಿದೆ. ಸಂಜೆ ಹಿಪ್ಪುನೇರಳೆ ಸೊಪ್ಪನ್ನು ತಬ್ಬಿ ತಂದು ಎರಡು ತಟ್ಟೆಗೆ ಹಾಕಿದೆ. ಬೆಳಗ್ಗೆ ನೋಡಿದರೆ ಆ ಎರಡು ತಟ್ಟೆಯ ಹುಳು ಮೇವು ಮುಟ್ಟಿಲ್ಲ. ತಲೆ ಮೇಲೆತ್ತಿ ಹಾಗೇ ನಿಂತಿವೆ, ಬಾಯಿಂದ ಕಂದು ನೀರು ಬರುತ್ತಿದೆ, ಮೈ ಸುರುಟಿಕೊಂಡಿದೆ. ಅಣ್ಣ ನೋಡಿದ ಕೂಡಲೇ ನಿನ್ನ ಮೈಗೆ ಹೊಗೆಸೊಪ್ಪಿನ ಅಂಟು ಇದೆಯೇನಮ್ಮ ಎಂದು ಕೇಳಿದ. ತಂಬಾಕಿನ ನಿಕೋಟಿನ್ ರೇಷ್ಮೆ ಹುಳುವಿಗೆ ವಿಷ. ತಟ್ಟೆ ಹೊರಗೆ ಗಾಳಿಗೆ ಇಟ್ಟು ಹೊಸ ಸೊಪ್ಪು ಕೊಟ್ಟರು. ಸ್ವಲ್ಪ ಹುಳು ಚೇತರಿಸಿಕೊಂಡವು, ಬಹಳಷ್ಟು ಹೋದವು.

ಮಾನ್ಯರೇ, ನನ್ನ ಪತ್ರದ ಮುಖ್ಯ ಮಾತು ಇಲ್ಲಿದೆ. ತಂಬಾಕಿನ ಹೊಲದ ಪಕ್ಕ ಹಿಪ್ಪುನೇರಳೆ ಇಡಬಾರದು ಎಂದು ರೇಷ್ಮೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಹಾಗಿರುವಾಗ ಸುತ್ತ ತಂಬಾಕು ಇರುವ ಊರಿನಲ್ಲಿ ಒಂದು ಮನೆ ಮಾತ್ರ ಬಿಟ್ಟು ರೇಷ್ಮೆಗೆ ಹೋಗಲು ಹೇಗೆ ಸಾಧ್ಯ? ನನ್ನ ಬದುವಿನ ಆಚೆ ಮೈದುನನ ತಂಬಾಕು ಇದೆ. ನನಗೆ ಕೂಲಿಗೆ ಬರುವವರು ಬೆಳಗ್ಗೆ ಅವನ ಸೊಪ್ಪು ಮುರಿದು ಬರುತ್ತಾರೆ. ಹಳೆಯ ಬ್ಯಾರನ್ನನ್ನೇ ಹುಳು ಮನೆ ಮಾಡಿಕೊಳ್ಳಿ ಎಂದು ಒಬ್ಬರು ಸಲಹೆ ಕೊಟ್ಟರು. ಅದರ ಗೋಡೆಗೆ 20 ವರ್ಷದ ಹೊಗೆಸೊಪ್ಪಿನ ಜಿಡ್ಡು ಹಿಡಿದಿದೆ. ದಯವಿಟ್ಟು ಆ ಸಲಹೆಯನ್ನು ಇನ್ನು ಯಾರಿಗೂ ಕೊಡಬೇಡಿ.

ಸರಿ, ಸ್ವಲ್ಪ ಸ್ವಲ್ಪವೇ ಬಿಡಿ ಅನ್ನುತ್ತಾರೆ. ಅದನ್ನೂ ಯೋಚಿಸಿದೆವು. ಎರಡೂವರೆ ಎಕರೆ ತಂಬಾಕನ್ನು ಒಂದೂಕಾಲು ಎಕರೆಗೆ ಇಳಿಸಿದರೆ ಬ್ಯಾರನ್ ಅರ್ಧ ತುಂಬುತ್ತದೆ. ಬ್ಯಾರನ್ ಅರ್ಧ ಖಾಲಿ ಇದ್ದರೂ ಅದನ್ನು ಕಾಯಿಸಲು ಹೆಚ್ಚುಕಡಿಮೆ ಅಷ್ಟೇ ಸೌದೆ ಬೇಕು, ಅಷ್ಟೇ ರಾತ್ರಿ ಎಚ್ಚರ ಇರಬೇಕು. ಆದಾಯ ಅರ್ಧಕ್ಕೆ ಇಳಿಯುತ್ತದೆ, ಸೌದೆ ಖರ್ಚು ಇಳಿಯುವುದಿಲ್ಲ. ಎರಡು ಮನೆಯವರು ಸೇರಿ ಒಂದು ಬ್ಯಾರನ್ ತುಂಬಿದರೆ ಮಾತ್ರ ನಿಧಾನಕ್ಕೆ ಬಿಡುವುದು ಲೆಕ್ಕಕ್ಕೆ ಸಿಗುತ್ತದೆ. ಕಾರ್ಡು, ಬ್ಯಾರನ್ ಎಲ್ಲವೂ ಒಬ್ಬೊಬ್ಬರ ಹೆಸರಿಗೆ ಇರುವುದರಿಂದ ಜನ ಹಾಗೆ ಸೇರಲು ಹೆದರುತ್ತಾರೆ.

ಇನ್ನು ಸಾಲದ ವಿಷಯ. 1975ರ ಕಾಯ್ದೆಯಿಂದ ತಂಬಾಕು ಮಂಡಳಿ ಬಂತು. ಅದರಿಂದ ನಮಗೆ ಒಂದು ಅನುಕೂಲ ಇರುವುದು ನಿಜ. ಕಾರ್ಡ್ ಇದ್ದರೆ ಬ್ಯಾಂಕ್ ಸಾಲ ಕೊಡುತ್ತದೆ, ಗೊಬ್ಬರ ಸಿಗುತ್ತದೆ, ಹರಾಜಿನ ದುಡ್ಡಿನಲ್ಲೇ ಸಾಲ ಮುರಿದುಕೊಳ್ಳುತ್ತಾರೆ. ಕೊಳ್ಳುವವರು ಒಂದೇ ಕಡೆ ಬಂದು ಕೂರುತ್ತಾರೆ. ಬೇರೆ ಯಾವ ಬೆಳೆಗೂ ನಮ್ಮಲ್ಲಿ ಇಷ್ಟು ವ್ಯವಸ್ಥೆ ಇಲ್ಲ. ಹಿಪ್ಪುನೇರಳೆಗೆ ಸಾಲ ಕೇಳಲು ನಾನೂ ನಮ್ಮ ಮನೆಯವರೂ ಒಂದು ಬ್ಯಾಂಕಿಗೆ ಹೋದೆವು. ತಂಬಾಕಿಗಾದರೆ ನಾಳೆಯೇ ಕೊಡುತ್ತೇವೆ, ಇದಕ್ಕೆ ನೋಡೋಣ ಅಂದರು. ಮೂರು ಸಲ ಹೋದರೂ ಅದೇ ಮಾತು.

ನಮ್ಮ ಮನೆಯ ಮೂರು ವರ್ಷದ ಲೆಕ್ಕ ನೋಡಿದರೆ ಕಷ್ಟ ಎಲ್ಲಿದೆ ಎಂದು ನಿಮಗೂ ಗೊತ್ತಾಗುತ್ತದೆ. ಮೊದಲ ವರ್ಷ ಎರಡೂವರೆ ಎಕರೆಗೂ ಎಳ್ಳು, ಆಮೇಲೆ ರಾಗಿ. ಮಣ್ಣಿನ ಹುಳು ಕಡಿಮೆಯಾಗಲು ಇದು ಬೇಕೇ ಬೇಕು, ಯಾಕೆಂದರೆ ಹಿಪ್ಪುನೇರಳೆಗೂ ಗಂಟುಬೇರು ಬರುತ್ತದೆ. ಆ ವರ್ಷ 75,000 ಸಿಗಬಹುದು. ಹಾಲಿನ ದುಡ್ಡು ಸೇರಿದರೆ ಮನೆ ನಡೆಯುತ್ತದೆ. ಎರಡನೇ ವರ್ಷ ಮಳೆಗಾಲದಲ್ಲಿ ಒಂದು ಎಕರೆಗೆ ಹಿಪ್ಪುನೇರಳೆ ನೆಡಬೇಕು. ಕಡ್ಡಿ, ಹನಿ ನೀರಾವರಿ, ಬೇವಿನ ಹಿಂಡಿ ಸೇರಿ 60,000 ಖರ್ಚು. ನೆಟ್ಟ ಆರೇಳು ತಿಂಗಳು ಹುಳು ಸಾಕುವಷ್ಟು ಸೊಪ್ಪು ಬರುವುದಿಲ್ಲ. ಉಳಿದ ಒಂದೂವರೆ ಎಕರೆ ರಾಗಿಯಿಂದ 40,000. ಅಂದರೆ ಆ ವರ್ಷ ನಮ್ಮ ಕೈಯಿಂದಲೇ 20,000 ಹೋಗುತ್ತದೆ, ಊಟಕ್ಕೆ, ಮಕ್ಕಳ ಫೀಸಿಗೆ ಏನೂ ಇಲ್ಲ. ಹುಳು ಮನೆ ಕಟ್ಟುವ ಖರ್ಚು ಬೇರೆ. ಮೂರನೇ ವರ್ಷ ರೇಷ್ಮೆಯಿಂದ ಒಂದು ಲಕ್ಷ, ರಾಗಿಯಿಂದ 40,000 ಬಂದರೆ ತಂಬಾಕಿಗಿಂತ ಮೇಲಾಗುತ್ತೇವೆ. ಆ ನಡುವಿನ ಒಂದು ವರ್ಷ ದಾಟುವುದು ಹೇಗೆ ಎಂಬುದೇ ನಮ್ಮ 17 ಮನೆಗಳ ಪ್ರಶ್ನೆ.

2015-16ರಿಂದ ಕೇಂದ್ರದ ಬೆಳೆ ವೈವಿಧ್ಯ ಕಾರ್ಯಕ್ರಮವನ್ನು ತಂಬಾಕು ಬೆಳೆಯುವ ರಾಜ್ಯಗಳಿಗೂ ತಂದರು, ಕರ್ನಾಟಕವೂ ಅದರಲ್ಲಿತ್ತು. ಅದಕ್ಕೂ ಮೊದಲು 2004ರಲ್ಲೇ ಭಾರತ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿಯಲ್ಲಿ ಬೆಳೆಗಾರರಿಗೆ ಬದುಕು ಸಾಗಿಸುವಂಥ ಬದಲಿ ದಾರಿಗೆ ನೆರವಾಗಬೇಕು ಎಂದಿದೆ. ಕಾಗದದ ಮೇಲೆ ದಾರಿ ಇದೆ. ನಮ್ಮ ಊರಿನವರೆಗೆ ಬಂದದ್ದು ಬೀಜದ ಪೊಟ್ಟಣ ಮತ್ತು ಭಾಷಣ.

ನಾವು ಕೇಳುವುದು ಇಷ್ಟು. ನಮ್ಮ ಊರಿನ ಕೆರೆಯ ಪೂರ್ವಕ್ಕೆ ಈ 17 ಮನೆಗಳ 38 ಎಕರೆ ಒತ್ತಾಗಿ ಇದೆ, ಒಂಬತ್ತು ಕೊಳವೆಬಾವಿ ಇವೆ. ತಂಬಾಕು ಮುಂದುವರಿಸುವ 14 ಮನೆಯವರ ಹೊಲ ಕೆರೆಯ ಪಶ್ಚಿಮಕ್ಕಿದೆ. ನಡುವೆ ಕೆರೆ ಮತ್ತು ಹುಣಸೆ ತೋಪು ಇದೆ. ಪೂರ್ವದ ಭಾಗವನ್ನು ಒಟ್ಟಿಗೆ ತಂಬಾಕು ಇಲ್ಲದ ಜಾಗ ಮಾಡಲು ನಾವು ತಯಾರಿದ್ದೇವೆ. ನನ್ನ ಮೈದುನನೂ ಒಪ್ಪಿದ್ದಾನೆ. ರೇಷ್ಮೆ ಇಲಾಖೆಯವರು ಬಂದು ಆ ದೂರ ಸಾಕೇ ಎಂದು ಅಳೆದು ಹೇಳಲಿ. ಹುಳು ಮನೆಯ ಸಹಾಯಧನವನ್ನು ಒಬ್ಬೊಬ್ಬರ ಅರ್ಜಿಯಾಗಿ ನೋಡದೆ ಈ 17 ಮನೆಗೂ ಒಂದೇ ವರ್ಷದಲ್ಲಿ ಕೊಡಲಿ. ಐದು ಮನೆಗೆ ಈ ವರ್ಷ, ಐದು ಮನೆಗೆ ಮುಂದಿನ ವರ್ಷ ಎಂದರೆ ಮಿಕ್ಕವರು ತಂಬಾಕು ನೆಡುತ್ತಾರೆ, ಮೊದಲ ಐದು ಮನೆಯ ಹುಳು ಸಾಯುತ್ತದೆ.

ಬೇರೆ ಬೆಳೆ ಹೇಳುವ ಮೊದಲು ಕೃಷಿ ಇಲಾಖೆಯವರು ಪ್ರತಿ ಹೊಲದ ಮಣ್ಣು, ಬೇರು ನೋಡಲಿ. ಕೊನೆ ಸೊಪ್ಪು ಮುರಿಯುವ ಹೊತ್ತಿಗೆ ಹತ್ತು ಗಿಡ ಕಿತ್ತು ಬೇರಿನ ಗಂಟು ಎಣಿಸಿದರೆ ಹೊಲದ ಸ್ಥಿತಿ ಗೊತ್ತಾಗುತ್ತದೆ. ಗಂಟು ಜಾಸ್ತಿ ಇರುವ ಹೊಲಕ್ಕೆ ಇನ್ನೊಂದು ವರ್ಷ ರಾಗಿ ಬೇಕು, ಅಲ್ಲಿಗೆ ಟೊಮೆಟೊ ಸಸಿ ಹಂಚಬೇಡಿ.

ಸಾಲದ ವಿಷಯದಲ್ಲಿ ಬ್ಯಾಂಕುಗಳ ಜಿಲ್ಲಾ ಸಭೆಯಲ್ಲಿ ತಾವು ಒಂದು ಮಾತು ಹೇಳಬೇಕು. ತಂಬಾಕಿಗೆ ಕೊಡುತ್ತಿದ್ದಷ್ಟೇ ಸಾಲವನ್ನು ಇದೇ ಮನೆಗಳಿಗೆ ಕೊಡಲಿ. ಮೊದಲ ಕಂತನ್ನು ಮೂರನೇ ವರ್ಷದಿಂದ ಕಟ್ಟಿಸಿಕೊಳ್ಳಲಿ. ಎರಡನೇ ವರ್ಷದ ಊಟಕ್ಕೆ ಎಕರೆಗೆ ಇಷ್ಟು ಎಂದು ಒಂದು ನೆರವು ಸಿಕ್ಕರೆ ಆ ಹೊಳೆ ದಾಟುತ್ತೇವೆ. ಗೂಡಿನ ಬೆಲೆಯೂ ಬೀಳುತ್ತದೆ, ನಾಲ್ಕು ಬೆಳೆಯಲ್ಲಿ ಒಂದು ರೋಗಕ್ಕೆ ಹೋಗಬಹುದು ಎಂದು ನಮಗೆ ಗೊತ್ತು. ಅದಕ್ಕೇ ಒಂದೂವರೆ ಎಕರೆ ರಾಗಿ ಬಿಡುತ್ತಿಲ್ಲ. ಆ ರಾಗಿಯನ್ನು ಬೆಂಬಲ ಬೆಲೆಗೆ ತಡವಿಲ್ಲದೆ ಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಕೊನೆಯದಾಗಿ ಕಾರ್ಡಿನ ಮಾತು. ನಮ್ಮ ಜನ ಹೆಚ್ಚು ಹೆದರುವುದು ಇದಕ್ಕೇ. ಒಂದು ಸಲ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ, ರೇಷ್ಮೆಯೂ ಕೈಕೊಟ್ಟರೆ ಎಲ್ಲಿಗೆ ಹೋಗುವುದು ಎಂದು ಕೇಳುತ್ತಾರೆ. ಬೆಳೆ ಬದಲಿಸುವ ಮನೆಗಳ ಕಾರ್ಡನ್ನು ಮೂರು ವರ್ಷ ರದ್ದು ಮಾಡದೆ ತಡೆಹಿಡಿದು ಇಡುವಂತೆಯೂ, ನಿಧಾನಕ್ಕೆ ಬಿಡುವ ಮನೆಗಳು ಇಬ್ಬಿಬ್ಬರು ಸೇರಿ ಒಂದು ಬ್ಯಾರನ್ ಬಳಸಲು ಬರವಣಿಗೆಯಲ್ಲಿ ಒಪ್ಪಿಗೆ ಕೊಡುವಂತೆಯೂ ತಾವು ಮಂಡಳಿಯ ಜೊತೆ ಮಾತಾಡಬೇಕು. ಮೂರು ವರ್ಷ ದಾಟಿದ ಮೇಲೆ ಆ ಕಾರ್ಡ್ ವಾಪಸ್ ಕೊಡುತ್ತೇವೆ ಎಂದು ಸಹಿ ಹಾಕಲು ಸಿದ್ಧ.

ಮಾರ್ಚ್‌ನಲ್ಲಿ ಸಸಿಮಡಿ ಹಾಕುತ್ತೇವೆ. ಬೀಜ ಬಿದ್ದ ಮೇಲೆ ಈ ವರ್ಷವೂ ತಂಬಾಕೇ. ಅದಕ್ಕೆ ಮೊದಲು, ಫೆಬ್ರವರಿಯೊಳಗೆ, ಮೂರೂ ಇಲಾಖೆಯವರನ್ನೂ ಬ್ಯಾಂಕಿನವರನ್ನೂ ಕರೆದುಕೊಂಡು ನಮ್ಮ ಊರಿಗೆ ಒಂದು ದಿನ ಬನ್ನಿ. 17 ಮನೆಗಳ ಸರ್ವೆ ನಂಬರ್, ಕೊಳವೆಬಾವಿಯ ನೀರಿನ ಅಳತೆ, ಸಾಲದ ಲೆಕ್ಕ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದು ಇಟ್ಟಿದ್ದೇವೆ. ಕೆರೆ ಏರಿ ಮೇಲೆ ನಿಂತರೆ ಎರಡೂ ಕಡೆಯ ಹೊಲ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಂಬಾಕು ಬೆಳೆಗಾರ್ತಿ,
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ